ಓರೆ ಗೆರೆಯ ಆಚೆ ಪ್ರತಿಬಿಂಬ: ದಾರಿ ತೋರಿಸುವುದು ಇಳಿಜಾರು, ನಿಲ್ಲಿಸುವುದು ಮಧ್ಯಬಿಂದು

(3, 5) ಎಂಬ ಬಿಂದುವಿಗೆ x-ಅಕ್ಷದಲ್ಲಿ ಪ್ರತಿಬಿಂಬ ಹೇಳಿ ಅಂದರೆ ಹತ್ತನೇ ತರಗತಿಯ ಯಾರೇ ಆದರೂ ತಕ್ಷಣ (3, −5) ಅನ್ನುತ್ತಾರೆ. y-ಅಕ್ಷದಲ್ಲಿ ಅಂದರೆ (−3, 5). y = x ಗೆರೆಯಲ್ಲಿ ಅಂದರೆ ಎರಡು ಅಂಕಿಗಳನ್ನು ಅದಲುಬದಲು ಮಾಡಿ (5, 3). ಇದಕ್ಕೆಲ್ಲ ಲೆಕ್ಕವೇ ಬೇಕಿಲ್ಲ, ನೋಡಿದರೇ ಗೊತ್ತಾಗುತ್ತದೆ.

ಈಗ ಗೆರೆಯನ್ನು ಸ್ವಲ್ಪ ಓರೆ ಮಾಡೋಣ. y = x/2 + 1 ಎಂಬ ಗೆರೆ. ಇದರಲ್ಲಿ (3, 5)ರ ಪ್ರತಿಬಿಂಬ ಎಲ್ಲಿ ಬೀಳುತ್ತದೆ?

ಇಲ್ಲಿ ಬಹಳಷ್ಟು ಜನ ತಡವರಿಸುತ್ತಾರೆ. ಚಿಹ್ನೆ ಬದಲಿಸಿದರೆ ಸಾಲದು, ಅಂಕಿ ಅದಲುಬದಲು ಮಾಡಿದರೂ ಸಾಲದು. ಕಲಿತಿದ್ದ ಸುಲಭದ ಉಪಾಯಗಳು ಕೈಕೊಡುತ್ತವೆ. ಹಾಗಂತ ಹೊಸ ಸೂತ್ರವೇನೂ ಬೇಕಾಗಿಲ್ಲ. ಎರಡು ಬಿಂದುಗಳ ನಡುವಿನ ಇಳಿಜಾರು ಮತ್ತು ಮಧ್ಯಬಿಂದು, ಇವೆರಡನ್ನು ಕಂಡುಹಿಡಿಯಲು ಬಂದರೆ ಸಾಕು. ಅವೆರಡೂ ಇಲ್ಲಿ ಯಾಕೆ ಬರುತ್ತವೆ ಅನ್ನುವುದು ಅರ್ಥವಾದರೆ ಉಳಿದದ್ದು ಸುಮ್ನೆ ಕೂಡುವ ಕಳೆಯುವ ಲೆಕ್ಕ.

ಹಾಳೆ ಮಡಚಿ ನೋಡಿದಾಗ

ಒಂದು ಗ್ರಾಫ್ ಹಾಳೆ ತಗೊಳ್ಳಿ. y = x/2 + 1 ಗೆರೆ ಎಳೆಯಿರಿ. (0, 1), (2, 2), (4, 3), (6, 4) ಇವೆಲ್ಲ ಅದರ ಮೇಲಿನ ಬಿಂದುಗಳು. ಎರಡು ಮನೆ ಬಲಕ್ಕೆ ಹೋದಾಗ ಒಂದು ಮನೆ ಮೇಲಕ್ಕೆ, ಅದು ಈ ಗೆರೆಯ ನಡೆ. ಈಗ (3, 5)ರಲ್ಲಿ ಶಾಯಿಯ ಒಂದು ದಪ್ಪ ಚುಕ್ಕಿ ಇಡಿ. ಅದಕ್ಕೆ P ಎಂದು ಹೆಸರಿಡೋಣ. ಶಾಯಿ ಒಣಗುವ ಮೊದಲೇ ಹಾಳೆಯನ್ನು ಸರಿಯಾಗಿ ಆ ಓರೆ ಗೆರೆಯ ಮೇಲೆ ಮಡಚಿ ಒತ್ತಿ. ಬಿಡಿಸಿದರೆ ಗೆರೆಯ ಆಚೆ ಬದಿಯಲ್ಲಿ ಇನ್ನೊಂದು ಚುಕ್ಕಿ ಮೂಡಿರುತ್ತದೆ. ಅದೇ ಪ್ರತಿಬಿಂಬ, P′.

ಈಗ P ಮತ್ತು P′ ಎರಡನ್ನೂ ಸ್ಕೇಲಿಟ್ಟು ಸೇರಿಸಿ. ಆ ಗೀಟಿನ ಬಗ್ಗೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಅದು ಮಡಿಕೆಯ ಗೆರೆಯನ್ನು ನೇರ ಲಂಬವಾಗಿ ದಾಟುತ್ತದೆ. ಮಡಚಿದಾಗ ಗೀಟಿನ ಒಂದು ಅರ್ಧ ಇನ್ನೊಂದರ ಮೇಲೆ ಕೂರುತ್ತದೆ. ಹಾಗಾಗಿ ಮಡಿಕೆಯ ಆಚೆ ಈಚೆ ಇರುವ ಎರಡು ಕೋನಗಳೂ ಒಂದೇ ಆಗಬೇಕು. ಎರಡೂ ಸೇರಿ 180 ಡಿಗ್ರಿ, ಆದ್ದರಿಂದ ಒಂದೊಂದೂ 90. ಎರಡನೆಯದು, ಮಡಿಕೆ ಆ ಗೀಟನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸುತ್ತದೆ. ಕಾರಣ ಅದೇ, ಎರಡು ಅರ್ಧಗಳು ಒಂದರ ಮೇಲೊಂದು ಹೆಚ್ಚುಕಮ್ಮಿ ಇಲ್ಲದೆ ಕೂರುತ್ತವೆ.

ಇವೆರಡರಲ್ಲಿ ಯಾವುದೊಂದು ಮಾತ್ರ ಇದ್ದರೂ ಪ್ರತಿಬಿಂಬ ಸಿಗುವುದಿಲ್ಲ. ಲಂಬ ಅನ್ನುವುದು ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುತ್ತದೆ, ಎಷ್ಟು ದೂರ ಅಂತ ಹೇಳುವುದಿಲ್ಲ. ಅರ್ಧಕ್ಕೆ ಕತ್ತರಿಸುತ್ತದೆ ಅನ್ನುವುದು ಎಲ್ಲಿ ನಿಲ್ಲಬೇಕು ಅಂತ ಹೇಳುತ್ತದೆ, ಆದರೆ ದಾರಿ ತೋರಿಸುವುದಿಲ್ಲ. ನಮಗೆ ಗೊತ್ತಿಲ್ಲದ್ದು ಎರಡು ಅಂಕಿ, P′ ಬಿಂದುವಿನ x ಮತ್ತು y. ಅದಕ್ಕೆ ಸರಿಯಾಗಿ ಎರಡು ಷರತ್ತು ಸಿಕ್ಕಿವೆ.

ಲಂಬವಾದರೆ ಇಳಿಜಾರು ಏನಾಗುತ್ತದೆ

ನಿರ್ದೇಶಾಂಕಗಳ ಲೋಕದಲ್ಲಿ ಕೋನಮಾಪಕ ಇಲ್ಲ. ಲಂಬ ಅನ್ನುವುದನ್ನು ಇಳಿಜಾರಿನ ಮಾತಿನಲ್ಲೇ ಹೇಳಬೇಕು. ಎರಡು ಗೆರೆಗಳು ಲಂಬವಾಗಿದ್ದರೆ ಇಳಿಜಾರುಗಳ ಗುಣಲಬ್ಧ −1 ಎಂದು ಪುಸ್ತಕದಲ್ಲಿ ಇರುತ್ತದೆ. ಯಾಕೆ ಹಾಗೆ ಅಂತ ಒಂದು ಸಲ ಕಣ್ಣಾರೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ನಮ್ಮ ಗೆರೆಯ ನಡೆ ಎರಡು ಮನೆ ಬಲಕ್ಕೆ, ಒಂದು ಮನೆ ಮೇಲಕ್ಕೆ. ಈಗ ಆ ನಡೆಯನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಬಲಕ್ಕೆ ಇದ್ದದ್ದು ಮೇಲಕ್ಕೆ ಆಗುತ್ತದೆ. ಮೇಲಕ್ಕೆ ಇದ್ದದ್ದು ಎಡಕ್ಕೆ ಆಗುತ್ತದೆ. ಅಂದರೆ ಹೊಸ ನಡೆ ಎರಡು ಮನೆ ಮೇಲಕ್ಕೆ, ಒಂದು ಮನೆ ಎಡಕ್ಕೆ. ಇಳಿಜಾರು ಅಂದರೆ ಏರಿಕೆಯನ್ನು ಅಡ್ಡ ದೂರದಿಂದ ಭಾಗಿಸಿದ್ದು, ಹಾಗಾಗಿ 2 ÷ (−1) = −2. ಮೊದಲಿನ ಇಳಿಜಾರು 1/2 ಇತ್ತು, ಕಾಲು ಸುತ್ತಿದ ಮೇಲೆ −2 ಆಯಿತು. ತಿರುಗಿಸುವಾಗ ಅಡ್ಡ ಮತ್ತು ಏರಿಕೆ ಜಾಗ ಬದಲಿಸಿಕೊಂಡವು, ಅದರಿಂದ ಭಿನ್ನರಾಶಿ ತಲೆಕೆಳಗಾಯಿತು. ಮೇಲಕ್ಕೆ ಇದ್ದದ್ದು ಎಡಕ್ಕೆ ಹೊರಳಿತು, ಅದರಿಂದ ಚಿಹ್ನೆ ಬದಲಾಯಿತು. ಎರಡೂ ಒಟ್ಟಿಗೆ ಆಗುವ ಕೆಲಸ. ಒಂದು ಮಾಡಿ ಇನ್ನೊಂದು ಬಿಟ್ಟರೆ ಲಂಬವಾಗುವುದಿಲ್ಲ.

ಲೆಕ್ಕ ಮಾಡೋಣ

P (3, 5) ಇಂದ ಹೊರಡಬೇಕು, ಇಳಿಜಾರು −2 ಇರುವ ದಾರಿಯಲ್ಲಿ. ಆ ದಾರಿಯ ಸಮೀಕರಣ:

y − 5 = −2(x − 3)

ಅಂದರೆ y = −2x + 11. ಇದು ನಮ್ಮ ಓರೆ ಗೆರೆಯನ್ನು ಎಲ್ಲಿ ಮುಟ್ಟುತ್ತದೆ? ಎರಡೂ ಸಮೀಕರಣಗಳ y ಒಂದೇ ಆಗುವ ಜಾಗದಲ್ಲಿ.

x/2 + 1 = −2x + 11

ಎರಡೂ ಕಡೆ 2ರಿಂದ ಗುಣಿಸಿದರೆ x + 2 = −4x + 22. ಅಲ್ಲಿಗೆ 5x = 20, x = 4. y ಬೇಕಾದರೆ 4/2 + 1 = 3. ಹಾಗಾಗಿ ಎರಡು ಗೆರೆಗಳು ಸೇರುವ ಬಿಂದು (4, 3). ಇದನ್ನು M ಅನ್ನೋಣ.

ಇಲ್ಲಿಗೆ ಕೆಲಸ ಅರ್ಧ ಮಾತ್ರ ಆಗಿದೆ. M ಇರುವುದು ಕನ್ನಡಿಯ ಮೇಲೆ, ಕನ್ನಡಿಯ ಆಚೆ ಅಲ್ಲ. ಆದರೆ M ಅನ್ನುವುದು P ಮತ್ತು P′ ನಡುವಿನ ಮಧ್ಯಬಿಂದು ಎಂದು ನಮಗೆ ಗೊತ್ತು. ಮಧ್ಯಬಿಂದುವಿನ x ಅಂದರೆ ಎರಡು x-ಗಳ ಸರಾಸರಿ. 3 ಮತ್ತು ಇನ್ನೊಂದು ಅಂಕಿಯ ಸರಾಸರಿ 4 ಆಗಬೇಕಾದರೆ ಆ ಅಂಕಿ 5. ಹಾಗೆಯೇ 5 ಮತ್ತು ಇನ್ನೊಂದು ಅಂಕಿಯ ಸರಾಸರಿ 3 ಆಗಬೇಕಾದರೆ ಆ ಅಂಕಿ 1. ಪ್ರತಿಬಿಂಬ P′ (5, 1).

ಈ ಕೊನೆಯ ಹೆಜ್ಜೆಯನ್ನು ನನಗೆ ಗ್ರಾಫ್ ಹಾಳೆಯ ಮೇಲೆ ಮನೆ ಎಣಿಸಿ ಮಾಡುವುದೇ ಇಷ್ಟ. P ಇಂದ M ಗೆ ಹೋಗಲು ಒಂದು ಮನೆ ಬಲಕ್ಕೆ, ಎರಡು ಮನೆ ಕೆಳಕ್ಕೆ ಇಳಿದೆವು. M ಇಂದ ಅಷ್ಟೇ ಇನ್ನೊಮ್ಮೆ ಇಳಿಯಿರಿ, ಒಂದು ಬಲಕ್ಕೆ, ಎರಡು ಕೆಳಕ್ಕೆ. (5, 1) ಬಂತು. ಸಮೀಕರಣದಲ್ಲಿ ಇದನ್ನೇ P′ = 2M − P ಎಂದು ಬರೆಯುತ್ತಾರೆ. ಅಭ್ಯಾಸವಾದ ಮೇಲೆ ಇದು ಬಾಯಲ್ಲೇ ಬರುತ್ತದೆ: ಎರಡರಷ್ಟು ನಾಲ್ಕು ಎಂಟು, ಎಂಟರಲ್ಲಿ ಮೂರು ಹೋದರೆ ಐದು.

ಭಿನ್ನರಾಶಿ ಬಂದರೆ ಗಾಬರಿ ಬೇಡ

ಮೇಲಿನ ಅಂಕಿಗಳು ಚೆನ್ನಾಗಿ ಹೊಂದಿಕೊಂಡವು. ಎಲ್ಲ ಸಲ ಹೀಗಾಗುವುದಿಲ್ಲ. y = 2x + 1 ಗೆರೆಯಲ್ಲಿ (4, 2)ರ ಪ್ರತಿಬಿಂಬ ನೋಡೋಣ. ಈ ಸಲ ಬೇರೆ ರೀತಿಯಲ್ಲಿ ಮಾಡೋಣ. M ಅನ್ನು ಮೊದಲು ಹುಡುಕದೆ ಪ್ರತಿಬಿಂಬವನ್ನೇ (h, k) ಎಂದುಕೊಂಡು ಎರಡು ಷರತ್ತುಗಳನ್ನು ನೇರವಾಗಿ ಬರೆಯೋಣ.

ಇಳಿಜಾರಿನ ಷರತ್ತು: ಗೆರೆಯ ಇಳಿಜಾರು 2, ಹಾಗಾಗಿ ಸೇರಿಸುವ ಗೀಟಿನ ಇಳಿಜಾರು −1/2.

(k − 2)/(h − 4) = −1/2

ಅಡ್ಡ ಗುಣಾಕಾರ ಮಾಡಿದರೆ 2k − 4 = −h + 4, ಅಂದರೆ h + 2k = 8.

ಮಧ್ಯಬಿಂದುವಿನ ಷರತ್ತು: ((h + 4)/2, (k + 2)/2) ಗೆರೆಯ ಮೇಲಿರಬೇಕು. y = 2x + 1ರಲ್ಲಿ ಹಾಕಿದರೆ

(k + 2)/2 = (h + 4) + 1

ಇದರಿಂದ k = 2h + 8. ಇದನ್ನು ಮೊದಲನೆಯದರಲ್ಲಿ ಹಾಕಿ: h + 4h + 16 = 8, ಅಂದರೆ 5h = −8. h = −1.6, k = 4.8. ಉತ್ತರ (−1.6, 4.8).

ದಶಮಾಂಶ ಬಂತು ಅಂದ ಮಾತ್ರಕ್ಕೆ ತಪ್ಪಾಗಿದೆ ಎಂದು ಹೊಡೆದುಹಾಕಬೇಡಿ. ಗ್ರಾಫ್ ಹಾಳೆಯ ಮನೆಗಳು ಅಡ್ಡ ಉದ್ದ ಕಟ್ಟಿಕೊಂಡಿವೆ, ಓರೆ ಕನ್ನಡಿಗೆ ಆ ಮನೆಗಳ ಹಂಗಿಲ್ಲ. ಎರಡು ರೀತಿಗಳಲ್ಲಿ ಯಾವುದು ವಾಸಿ ಅಂದರೆ, ಮೊದಲ ಸಲ ಕಲಿಯುವವರಿಗೆ ನಾನು M ಹುಡುಕುವ ದಾರಿಯನ್ನೇ ಹೇಳುತ್ತೇನೆ. ಅದರಲ್ಲಿ ಪ್ರತಿ ಹೆಜ್ಜೆಯಲ್ಲೂ ನೀವು ಚಿತ್ರದಲ್ಲಿ ಎಲ್ಲಿದ್ದೀರಿ ಅಂತ ಗೊತ್ತಾಗುತ್ತಿರುತ್ತದೆ. (h, k) ರೀತಿಯಲ್ಲಿ ಬರವಣಿಗೆ ಕಡಿಮೆ, ಆದರೆ ನಡುವೆ ಚಿಹ್ನೆ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹುಡುಕುವುದು ಕಷ್ಟ.

ಎಲ್ಲಿ ತಪ್ಪುತ್ತದೆ, ಹೇಗೆ ಗೊತ್ತಾಗುತ್ತದೆ

ತುಂಬಾ ಜಾಸ್ತಿ ಕಾಣುವ ತಪ್ಪು M ಅನ್ನೇ ಉತ್ತರ ಎಂದು ಬರೆಯುವುದು. ಎರಡು ಸಮೀಕರಣ ಬಿಡಿಸಿ x = 4, y = 3 ಬಂತಲ್ಲ, ಮುಗಿಯಿತು ಅನ್ನಿಸಿಬಿಡುತ್ತದೆ. ಇದನ್ನು ಹಿಡಿಯುವುದು ಸುಲಭ. ನಿಮ್ಮ ಉತ್ತರವನ್ನು ಗೆರೆಯ ಸಮೀಕರಣದಲ್ಲಿ ಹಾಕಿ. ಸರಿಹೊಂದಿದರೆ ನೀವು ಇನ್ನೂ ಕನ್ನಡಿಯ ಮೇಲೇ ನಿಂತಿದ್ದೀರಿ.

ಎರಡನೆಯದು, ಇಳಿಜಾರಿನ ಚಿಹ್ನೆ ಮಾತ್ರ ಬದಲಿಸಿ ತಲೆಕೆಳಗು ಮಾಡುವುದನ್ನು ಮರೆಯುವುದು. 1/2 ಇದ್ದದ್ದನ್ನು −1/2 ಮಾಡಿ ಮುಂದುವರಿಯುತ್ತಾರೆ. ಆಗ ಲೆಕ್ಕ ಎಲ್ಲೂ ತಡೆಯುವುದಿಲ್ಲ, ಒಂದು ಉತ್ತರ ಬಂದೇ ಬರುತ್ತದೆ. ಅದು ಪ್ರತಿಬಿಂಬ ಅಲ್ಲ ಅಷ್ಟೇ. ಇದಕ್ಕೆ ಹತ್ತಿರದ್ದೇ ಇನ್ನೊಂದು: ಗೆರೆಯನ್ನು x − 2y + 2 = 0 ಎಂದು ಕೊಟ್ಟಾಗ x-ನ ಗುಣಾಂಕವನ್ನೇ ಇಳಿಜಾರು ಎಂದುಕೊಂಡು 1 ಅಂತ ಬರೆಯುವುದು. y ಒಂದೇ ಒಂದು ಕಡೆ ಒಂಟಿಯಾಗಿ ನಿಲ್ಲುವವರೆಗೆ ಇಳಿಜಾರು ಓದಬಾರದು.

ಮೂರನೆಯದು y = x ಗೆರೆಯ ಅಭ್ಯಾಸ. (3, 5) ಇದ್ದದ್ದನ್ನು ತಿರುಗಿಸಿ (5, 3) ಬರೆದುಬಿಡುವುದು. ಆ ಉಪಾಯ ಇಳಿಜಾರು 1 ಇದ್ದು, ಮೂಲಬಿಂದುವಿನ ಮೂಲಕ ಹೋಗುವ ಗೆರೆಗೆ ಮಾತ್ರ. ನಮ್ಮ ಗೆರೆಗೆ ಹಾಕಿ ನೋಡಿ. (3, 5) ಮತ್ತು (5, 3) ನಡುವೆ ಮಧ್ಯಬಿಂದು (4, 4). ಗೆರೆಯಲ್ಲಿ x = 4 ಇರುವಾಗ y ಬರಬೇಕಾದ್ದು 3. ಹೊಂದಲಿಲ್ಲ.

ಪರೀಕ್ಷೆ ಮಾಡುವಾಗ ಎರಡೂ ಷರತ್ತುಗಳನ್ನು ನೋಡಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಯಾರೋ ಉತ್ತರ (1, −1) ಅಂತ ಬರೆದಿದ್ದಾರೆ ಅನ್ನಿ. (3, 5) ಮತ್ತು (1, −1) ನಡುವಿನ ಮಧ್ಯಬಿಂದು (2, 2). ಅದು ಸರಿಯಾಗಿ ಗೆರೆಯ ಮೇಲೇ ಇದೆ. ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಸರಿ ಅನ್ನಿಸುತ್ತದೆ. ಆದರೆ ಇಳಿಜಾರು ನೋಡಿ: (−1 − 5)/(1 − 3) = 3. ಬೇಕಾದ್ದು −2. ಗೆರೆಯನ್ನು ದಾಟಿದ್ದೇನೋ ಹೌದು, ಓರೆಯಾಗಿ ದಾಟಿದೆ.

ಇಳಿಜಾರು, ಮಧ್ಯಬಿಂದು ಎರಡನ್ನೂ ಬಳಸದ ಇನ್ನೊಂದು ಪರೀಕ್ಷೆ ಇದೆ. ಅದರ ಮೇಲೆ ನನಗೆ ನಂಬಿಕೆ ಜಾಸ್ತಿ, ಯಾಕೆಂದರೆ ಲೆಕ್ಕದಲ್ಲಿ ಮಾಡಿದ ತಪ್ಪು ಪರೀಕ್ಷೆಯಲ್ಲೂ ಹಾಗೇ ಬರುವ ಸಾಧ್ಯತೆ ಇಲ್ಲಿ ಕಡಿಮೆ. ಮಡಿಕೆಯ ಮೇಲಿನ ಯಾವ ಬಿಂದುವನ್ನು ತಗೊಂಡರೂ ಅಲ್ಲಿಂದ P ಗೂ P′ ಗೂ ಒಂದೇ ದೂರ ಇರಬೇಕು, ಅಲ್ವಾ? ಮಡಚಿದಾಗ ಎರಡೂ ಒಂದಾಗುತ್ತವೆ. ಗೆರೆಯ ಮೇಲಿನ (0, 1) ತಗೊಳ್ಳಿ. ಅಲ್ಲಿಂದ (3, 5)ಕ್ಕೆ ಅಡ್ಡ 3, ಎತ್ತರ 4, ದೂರ 5. ಅಲ್ಲಿಂದ (5, 1)ಕ್ಕೆ ನೇರ ಅಡ್ಡಲಾಗಿ 5. ಸರಿಹೋಯಿತು. ಇನ್ನೊಂದು ಬಿಂದು (2, 2): ಒಂದು ಕಡೆ 1² + 3² = 10, ಇನ್ನೊಂದು ಕಡೆ 3² + 1² = 10. ಗೆರೆಯ ಮೇಲಿನ ಎರಡು ಬಿಂದುಗಳಲ್ಲಿ ದೂರ ಹೊಂದಿದರೆ ಉತ್ತರ ಖಂಡಿತ ಸರಿ. ಎರಡನೇ ಲೆಕ್ಕವನ್ನೂ ನೋಡಿ: y = 2x + 1ರ ಮೇಲಿನ (0, 1)ರಿಂದ (4, 2)ಕ್ಕೆ 16 + 1 = 17, (−1.6, 4.8)ಕ್ಕೆ 2.56 + 14.44 = 17.

ಫೋನಿನಲ್ಲಿ ಜಿಯೋಜಿಬ್ರಾ ಇದ್ದರೆ ಈ ಎರಡು ಸಾಲು ಟೈಪ್ ಮಾಡಿಯೂ ತಾಳೆ ನೋಡಬಹುದು:

```
g: y = x/2 + 1
Reflect((3, 5), g)
```

ಸೂತ್ರದ ಒಳಗೆ ಏನಿದೆ

ಪಿಯುಸಿಗೆ ಬಂದ ಮೇಲೆ, ಅದರಲ್ಲೂ ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ, ಇದಕ್ಕೆ ಒಂದು ಸಿದ್ಧ ಸೂತ್ರ ಕೊಡುತ್ತಾರೆ. ಗೆರೆ ax + by + c = 0, ಬಿಂದು (x₁, y₁) ಆದರೆ

(h − x₁)/a = (k − y₁)/b = −2(ax₁ + by₁ + c)/(a² + b²)

ಬಾಯಿಪಾಠ ಮಾಡಿದವರು ಆ −2 ಅನ್ನು ಆಗಾಗ ಮರೆತು −1 ಹಾಕುತ್ತಾರೆ. ಒಳಗೆ ನಡೆಯುವುದು ಗೊತ್ತಿದ್ದರೆ ಮರೆಯುವ ಮಾತೇ ಇಲ್ಲ.

ನಮ್ಮ ಗೆರೆಯನ್ನು x − 2y + 2 = 0 ಎಂದು ಬರೆಯಿರಿ. ಎಡಗಡೆಯ ಬೆಲೆ ಗೆರೆಯ ಮೇಲೆ ಸೊನ್ನೆ. ಒಂದು ಬದಿಯಲ್ಲಿ ಧನ, ಇನ್ನೊಂದು ಬದಿಯಲ್ಲಿ ಋಣ. P (3, 5)ರಲ್ಲಿ 3 − 10 + 2 = −5. ಈಗ ಗುಣಾಂಕಗಳನ್ನು ನೋಡಿ, 1 ಮತ್ತು −2. ಒಂದು ಮನೆ ಬಲಕ್ಕೆ, ಎರಡು ಕೆಳಕ್ಕೆ. ನಮ್ಮ ಲಂಬದ ನಡೆಯೇ ಅದು! ಈ ನಡೆಯನ್ನು ಒಂದು ಸಲ ನಡೆದರೆ ಬೆಲೆ 1 × 1 + (−2) × (−2) = 5 ಹೆಚ್ಚುತ್ತದೆ. ಆ 5 ಅಂದರೆ a² + b². −5 ಇದ್ದದ್ದು ಒಂದು ನಡೆಗೆ 0 ಆಯಿತು, ಗೆರೆ ಮುಟ್ಟಿದೆವು. ಇನ್ನೊಂದು ನಡೆಗೆ +5 ಆಯಿತು, ಅಷ್ಟೇ ದೂರ ಆಚೆ ಬದಿಗೆ ಬಂದೆವು. ಒಟ್ಟು ಎರಡು ನಡೆ. ಸೂತ್ರದ 2 ಬಂದದ್ದು ಹೀಗೆ, ಋಣ ಚಿಹ್ನೆ ಬಂದದ್ದು ಬೆಲೆಯ ಚಿಹ್ನೆಗೆ ಎದುರಾಗಿ ನಡೆಯಬೇಕಾದ್ದರಿಂದ. ಸೂತ್ರದಲ್ಲಿ −1 ಹಾಕಿದವರಿಗೆ ಸಿಗುವುದು ಗೆರೆಯ ಮೇಲಿನ M.

ಇದರಿಂದ ಇನ್ನೊಂದು ಅನುಕೂಲ ಇದೆ. ಕೊಟ್ಟ ಅಂಕಿಗಳೆಲ್ಲ ಪೂರ್ಣಾಂಕಗಳಾಗಿದ್ದರೆ, ಉತ್ತರದಲ್ಲಿ ಭಿನ್ನರಾಶಿ ಬಂದರೂ ಅದರ ಛೇದ a² + b² ಅನ್ನು ಭಾಗಿಸಲೇಬೇಕು. y = 2x + 1ರಲ್ಲಿ a² + b² ಅಂದರೆ 4 + 1 = 5, ಅದಕ್ಕೇ ಉತ್ತರ ಐದನೇ ಭಾಗಗಳಲ್ಲಿ ಬಂತು: −8/5, 24/5. ಅಲ್ಲಿ ಛೇದದಲ್ಲಿ 3 ಅಥವಾ 7 ಕಂಡರೆ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ.

ಕಣ್ಣಿಗೆ ಮೋಸ ಮಾಡುವ ಗ್ರಾಫ್

ಗ್ರಾಫ್ ಎಳೆಯುವಾಗ x-ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, y-ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ ಅಂತ ಬೇರೆ ಬೇರೆ ಪ್ರಮಾಣ ಇಟ್ಟುಕೊಳ್ಳುವುದುಂಟು. ಪ್ರತಿಬಿಂಬದ ಲೆಕ್ಕದಲ್ಲಿ ಹಾಗೆ ಮಾಡಲೇಬಾರದು. ನಮ್ಮ ಗೆರೆಯ ಇಳಿಜಾರು ಕಾಗದದ ಮೇಲೆ 1/4 ಥರ ಕಾಣುತ್ತದೆ, P ಮತ್ತು P′ ಸೇರಿಸುವ ಗೀಟಿನದ್ದು −1 ಥರ. ಇವೆರಡು ಲಂಬವಾಗಿ ಕಾಣುವುದಿಲ್ಲ. ಸರಿ ಉತ್ತರವನ್ನೇ ಬರೆದಿದ್ದರೂ ಚಿತ್ರ ತಪ್ಪು ಅನ್ನುತ್ತದೆ, ಹಾಳೆ ಮಡಚಿದರೆ ಚುಕ್ಕಿಗಳು ಒಂದರ ಮೇಲೊಂದು ಕೂರುವುದಿಲ್ಲ. ಮಧ್ಯಬಿಂದು ಮಾತ್ರ ಮಧ್ಯದಲ್ಲೇ ಇರುತ್ತದೆ, ಹಿಗ್ಗಿಸಿದರೂ ಕುಗ್ಗಿಸಿದರೂ ಅರ್ಧ ಅರ್ಧವೇ. ಕೆಡುವುದು ಕೋನ. ಫೋನ್ ಪರದೆಯಲ್ಲಿ ಒಂದು ಅಕ್ಷವನ್ನು ಮಾತ್ರ ಎಳೆದು ಹಿಗ್ಗಿಸಿದಾಗಲೂ ಇದೇ ಆಗುತ್ತದೆ.

ಇಳಿಜಾರಿನ ಉಪಾಯಕ್ಕೂ ಒಂದು ಮಿತಿ ಇದೆ. ಅಡ್ಡ ಗೆರೆಯ ಇಳಿಜಾರು 0, ನೆಟ್ಟಗೆ ನಿಂತ ಗೆರೆಗೆ ಇಳಿಜಾರೇ ಇಲ್ಲ. ಅಲ್ಲಿ −1ರ ನಿಯಮ ನಡೆಯದು. x = 4 ಗೆರೆಯಲ್ಲಿ (1, 6)ರ ಪ್ರತಿಬಿಂಬ ಬೇಕಾದರೆ ಮಧ್ಯಬಿಂದು ಒಂದೇ ಸಾಕು: y ಹಾಗೇ ಉಳಿಯುತ್ತದೆ, x-ಗಳ ಸರಾಸರಿ 4 ಆಗಬೇಕು, ಉತ್ತರ (7, 6). ಹಾಗೆಯೇ ಕೊಟ್ಟ ಬಿಂದು ಗೆರೆಯ ಮೇಲೇ ಇದ್ದರೆ ಅದರ ಪ್ರತಿಬಿಂಬ ಅದೇ. ಅಲ್ಲಿ ಇಳಿಜಾರು ಹುಡುಕಲು ಹೋದರೆ 0/0 ಬಂದು ನಿಲ್ಲುತ್ತದೆ. ಆದ್ದರಿಂದ ಮೊದಲು ಬಿಂದುವನ್ನು ಗೆರೆಯ ಸಮೀಕರಣದಲ್ಲಿ ಹಾಕಿ ನೋಡುವುದು ಒಳ್ಳೆಯದು. ಮೇಲಿನ ಸೂತ್ರದಲ್ಲಿ a, b ಗಳನ್ನು ಛೇದದಲ್ಲಿ ಬಿಡದೆ ಬಲಗಡೆಗೆ ಗುಣಿಸಿ ಬರೆದುಕೊಂಡರೆ ಈ ಯಾವ ತೊಂದರೆಯೂ ಇಲ್ಲ, ಆಗ ಅದರಲ್ಲಿ ಇಳಿಜಾರಿನ ಭಾಗಾಕಾರವೇ ಇರುವುದಿಲ್ಲ.

ಗೆರೆ ಮುಟ್ಟಿ ಹೋಗುವ ಹತ್ತಿರದ ದಾರಿ

ಈ ಲೆಕ್ಕ ಪರೀಕ್ಷೆಯ ಹೊರಗೆ ಎಲ್ಲಿ ಬೇಕಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಶ್ನೆ. P (3, 5) ಇಂದ ಹೊರಟು, ನಮ್ಮ ಓರೆ ಗೆರೆಯನ್ನು ಎಲ್ಲಾದರೂ ಒಂದು ಕಡೆ ಮುಟ್ಟಿ, B (7, 7) ತಲುಪಬೇಕು. P, B ಎರಡೂ ಗೆರೆಯ ಒಂದೇ ಬದಿಯಲ್ಲಿವೆ. ಎಲ್ಲಿ ಮುಟ್ಟಿದರೆ ಒಟ್ಟು ದೂರ ಅತಿ ಕಡಿಮೆ?

ಗೆರೆಯ ಮೇಲಿನ ಯಾವ ಬಿಂದುವಿನಿಂದಲೂ P ಗೂ P′ ಗೂ ಒಂದೇ ದೂರ ಎಂದು ಆಗಲೇ ನೋಡಿದೆವು. ಹಾಗಾಗಿ P ಇಂದ ಹೊರಟರೂ ಒಂದೇ, P′ (5, 1) ಇಂದ ಹೊರಟರೂ ಒಂದೇ, ಒಟ್ಟು ದೂರ ಬದಲಾಗುವುದಿಲ್ಲ. ಆದರೆ P′ ಇರುವುದು ಆಚೆ ಬದಿಯಲ್ಲಿ. ಅಲ್ಲಿಂದ B ಗೆ ನೇರ ಗೀಟು ಎಳೆದರೆ ಅದು ಗೆರೆಯನ್ನು ದಾಟಲೇಬೇಕು, ಮತ್ತು ನೇರ ಗೀಟಿಗಿಂತ ಹತ್ತಿರದ ದಾರಿ ಇಲ್ಲ. (5, 1)ರಿಂದ (7, 7)ಕ್ಕೆ ಇಳಿಜಾರು 6/2 = 3, ಸಮೀಕರಣ y = 3x − 14. ಇದನ್ನು x/2 + 1ಕ್ಕೆ ಸಮ ಮಾಡಿದರೆ 2.5x = 15, x = 6, y = 4. ಮುಟ್ಟಬೇಕಾದ ಜಾಗ (6, 4).

P ಇಂದ (6, 4)ಕ್ಕೆ √10, ಅಲ್ಲಿಂದ B ಗೆ √10, ಒಟ್ಟು ಸುಮಾರು 6.32. ಬದಲಿಗೆ P ಗೆ ಅತಿ ಹತ್ತಿರ ಎಂದು (4, 3)ರಲ್ಲಿ ಮುಟ್ಟಿದರೆ √5 + 5, ಅಂದರೆ ಸುಮಾರು 7.24 ಆಗುತ್ತದೆ. ಮೊದಲನೇ ಶತಮಾನದ ಸುಮಾರಿಗೆ ಅಲೆಕ್ಸಾಂಡ್ರಿಯಾದ ಹೆರಾನ್ ಕನ್ನಡಿಗೆ ಬಡಿದು ಹಿಂತಿರುಗುವ ಬೆಳಕಿನ ದಾರಿಯನ್ನು ವಿವರಿಸಿದ್ದು ಇದೇ ತರ್ಕದಿಂದ. (6, 4)ರಲ್ಲಿ ಗೆರೆಯೊಂದಿಗೆ ಎರಡೂ ಬದಿಯ ಕೋನ ಅಳೆದು ನೋಡಿ. ಬರುವ ದಾರಿಗೂ 45 ಡಿಗ್ರಿ, ಹೋಗುವ ದಾರಿಗೂ 45 ಡಿಗ್ರಿ.